ಟಿಕ್ ಒತ್ತಿದ್ರೆ ಮೋಲ್ಡ್ ಬೀಳುತ್ತಾ ಸ್ವಾಮಿ?

ಹೋದ ವಾರ ನಮ್ಮ ಕಂಪನಿಯ ಇಂಟರ್ನಲ್ ಆಡಿಟ್ ವರದಿ ಕೈಗೆ ಬಂತು. ಊರಾಚೆ ಕಟ್ಟುತ್ತಿರುವ ಎರಡು ಬ್ಲಾಕಿನ ಹೊಸ ಕಟ್ಟಡದ ಮೇಲಿನ ವರದಿ. ನಲವತ್ತು ಪುಟ, ಬಣ್ಣಬಣ್ಣದ ಚಾರ್ಟು, ಕೊನೆಗೆ ಒಂದು ಸಾಲು: "ಮೈಲಿಗಲ್ಲುಗಳ ದೃಢೀಕರಣ ಪ್ರಕ್ರಿಯೆಯಲ್ಲಿ ಸುಧಾರಣೆಗೆ ಅವಕಾಶವಿದೆ."

ಸುಧಾರಣೆಗೆ ಅವಕಾಶವಂತೆ! ಹಾಕದೇ ಇದ್ದ ಮೋಲ್ಡಿಗೆ ಬಿಲ್ ಪಾಸಾಗಿದೆ. ಅದನ್ನ ಹೇಳೋಕೆ ಇಷ್ಟು ಮೆತ್ತಗಿನ ಭಾಷೆ ಬೇಕಾ?

ಸಾಫ್ಟ್‌ವೇರ್ ಕುಟ್ಟೋನಿಗೆ ಸಿಮೆಂಟು ಕಬ್ಬಿಣದ ಉಸಾಬರಿ ಯಾಕೆ ಅಂತ ಕೇಳಬಹುದು ನೀವು. ಕಂಟ್ರಾಕ್ಟರ್ ಬಿಲ್ಲುಗಳು ಪಾಸಾಗೋ ಸಿಸ್ಟಮ್ ಬರೆದವರಲ್ಲಿ ನಾನೂ ಒಬ್ಬ. ಆಡಿಟ್‌ನವರಿಗೆ ಡೇಟಾ ತೆಗೆದುಕೊಡೋಕೆ ಅಂತ ಆಗಸ್ಟಿನಲ್ಲಿ ಮೂರು ವಾರ ಅವರ ಪಕ್ಕದಲ್ಲೇ ಕೂತಿದ್ದೆ. ಹಾಗಾಗಿ ಇಲ್ಲಿ ಬೈಯೋದರಲ್ಲಿ ನನ್ನ ಪಾಲಿನ ಬೈಗುಳವೂ ಇದೆ.

ಮೊದಲು ನಡೆದದ್ದು ಹೇಳ್ತೀನಿ. ಕಂಟ್ರಾಕ್ಟರ್ ಪ್ರತಿ ತಿಂಗಳು ಒಂದು ರನ್ನಿಂಗ್ ಬಿಲ್ ಕೊಡ್ತಾನೆ. ಇಲ್ಲಿವರೆಗೆ ಒಟ್ಟು ಎಷ್ಟು ಕೆಲಸ ಆಗಿದೆ ಅಂತ ಅಳತೆ ಹಾಕಿ, ಹಿಂದಿನ ಬಿಲ್ಲುಗಳಲ್ಲಿ ಕೊಟ್ಟಿದ್ದನ್ನ ಕಳೆದು, ಉಳಿದದ್ದು ಕೇಳ್ತಾನೆ. ಜೊತೆಗೆ "ಎರಡನೇ ಬ್ಲಾಕ್, ಐದನೇ ಮಹಡಿ ಮೋಲ್ಡ್ ಮುಗಿದಿದೆ" ಅನ್ನೋ ಥರದ ಮೈಲಿಗಲ್ಲುಗಳು. ನಮ್ಮ ಸೈಟ್ ಇಂಜಿನಿಯರ್ ಸಿಸ್ಟಮ್‌ನಲ್ಲಿ ಅದರ ಮುಂದೆ ಟಿಕ್ ಹಾಕಿ ಒಂದು ಪಿಡಿಎಫ್ ಏರಿಸಿದರೆ ಹಣ ಹೊರಡುತ್ತೆ. ಈ ಐದನೇ ಮಹಡಿಯ ಟಿಕ್ ಬಿದ್ದಿದ್ದು ಮಾರ್ಚ್ 31ಕ್ಕೆ. ಬಿಲ್ಲು, ಸಹಿ, ಪಿಡಿಎಫ್ ಎಲ್ಲ ಸರಿಯಾಗಿತ್ತು. ಆಡಿಟ್‌ನವರು ಮೂರನ್ನೂ ಒಂದಕ್ಕೊಂದು ತಾಳೆ ನೋಡಿ ಮುಂದಿನ ಫೈಲಿಗೆ ಹೋದರು.

ನನಗೆ ಸಿವಿಲ್ ಗೊತ್ತಿಲ್ಲ. ಆದ್ರೆ ಆ ಪಿಡಿಎಫ್ ಜೊತೆ ಅದೇ ಫೋಲ್ಡರಿನಲ್ಲಿ ಲ್ಯಾಬಿನ ಕ್ಯೂಬ್ ಟೆಸ್ಟ್ ವರದಿಯೂ ಇತ್ತು. ಮೋಲ್ಡ್ ಹಾಕೋ ದಿನ ಅದೇ ಕಾಂಕ್ರೀಟಿನಿಂದ ಚೌಕಾಕಾರದ ಅಚ್ಚುಗಳನ್ನ ತುಂಬಿಟ್ಟು, 7ನೇ ದಿನ ಮತ್ತು 28ನೇ ದಿನ ಒತ್ತಿ ಒಡೆದು ಶಕ್ತಿ ನೋಡ್ತಾರೆ. ವರದಿಯಲ್ಲಿ ಅಚ್ಚು ತುಂಬಿದ ದಿನ ಏಪ್ರಿಲ್ 17. 28ನೇ ದಿನದ ಪರೀಕ್ಷೆ ಮೇ 15. ಅಂದ್ರೆ ಮಾರ್ಚ್ 31ಕ್ಕೆ "ಮುಗಿದ" ಮೋಲ್ಡು ಏಪ್ರಿಲ್ 17ಕ್ಕೆ ಹುಟ್ಟಿದೆ! ಮಗು ಹುಟ್ಟೋ ಮೊದಲೇ ನಾಮಕರಣದ ಊಟ ಮುಗಿಸಿದ ಹಾಗೆ.

ಲ್ಯಾಬಿನವರು ತಪ್ಪು ಬರೆದಿರಬಹುದಲ್ಲ ಅಂತ ಗೇಟಿಗೆ ಹೋದೆ. ಆ ಮೋಲ್ಡಿಗೆ 210 ಘನ ಮೀಟರ್ ಕಾಂಕ್ರೀಟ್ ಬೇಕು. ಒಂದು ರೆಡಿಮಿಕ್ಸ್ ಲಾರಿಯಲ್ಲಿ 6 ಘನ ಮೀಟರ್ ಅಂದ್ರೆ 35 ಲಾರಿ. ಸೆಕ್ಯೂರಿಟಿಯವರ ರಿಜಿಸ್ಟರಿನಲ್ಲಿ ಮಾರ್ಚ್ ಕೊನೆಯ ವಾರ ಒಂದೂ ಇಲ್ಲ. ಏಪ್ರಿಲ್ 17ರ ಪುಟದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ 35 ಲಾರಿ ಸಾಲಾಗಿ ನಿಂತಿವೆ. ಹತ್ತನೇ ಕ್ಲಾಸ್ ಓದಿದ ಗಾರ್ಡು ಬಾಲ್‌ಪೆನ್ನಲ್ಲಿ ಬರೆದ ಪುಸ್ತಕ, ನಮ್ಮ ಕೋಟಿ ರೂಪಾಯಿಯ ಸಿಸ್ಟಮ್‌ಗಿಂತ ಸತ್ಯ ಹೇಳ್ತಿತ್ತು.

ಆಮೇಲೆ ಕಬ್ಬಿಣ. ಇದು ಇನ್ನೂ ಸುಲಭದ ಲೆಕ್ಕ. ಮಾರ್ಚ್ ಬಿಲ್ಲಿನ ಪ್ರಕಾರ ಕಟ್ಟಿರುವ ಕಂಬಿ 438 ಟನ್. ವೇ ಬ್ರಿಡ್ಜ್ ಚೀಟಿಗಳನ್ನ ಕೂಡಿಸಿದರೆ ಆ ದಿನದವರೆಗೆ ಗೇಟಿನೊಳಗೆ ಬಂದದ್ದೇ 431 ಟನ್. ಅದರಲ್ಲಿ 11 ಟನ್ ಇನ್ನೂ ಯಾರ್ಡಿನಲ್ಲಿ ಬಿದ್ದಿತ್ತು, 6 ಟನ್ ತುಂಡುಗಳು ಗುಜರಿಗೆ ಹೊರಗೆ ಹೋಗಿದ್ದವು. ಉಳಿದದ್ದು 414. ಕಟ್ಟಡದೊಳಗೆ ಇದಕ್ಕಿಂತ ಹೆಚ್ಚು ಕಂಬಿ ಇರೋಕೆ ಸಾಧ್ಯವೇ ಇಲ್ಲ, ಮಂತ್ರ ಹಾಕಿ ತಂದಿದ್ದರೆ ಬೇರೆ ಮಾತು. 24 ಟನ್ ಹೆಚ್ಚು ಬಿಲ್ಲು, ಟನ್ನಿಗೆ 78,000 ರೂಪಾಯಿ, ಒಟ್ಟು 18 ಲಕ್ಷದ 72 ಸಾವಿರ. ಬಿಡಿಸಿ ನೋಡಿದಾಗ 19 ಟನ್ ಇನ್ನೂ ಕಟ್ಟದ ಐದನೇ ಮಹಡಿಯದ್ದು. ಉಳಿದ 5 ಟನ್, ಕತ್ತರಿಸುವಾಗ ಹಾಳಾದ ತುಂಡುಗಳನ್ನೂ ಅಳತೆಗೆ ಸೇರಿಸಿದ್ದು. ವೇಸ್ಟೇಜಿಗೆ ಬೇರೆ ದುಡ್ಡಿಲ್ಲ, ಅದು ದರದಲ್ಲೇ ಸೇರಿದೆ ಅಂತ ಕರಾರಿನಲ್ಲಿ ಸ್ಪಷ್ಟವಾಗಿ ಇದೆ.

ಈ ಲೆಕ್ಕ ಎಲ್ಲವನ್ನೂ ಹಿಡಿಯುತ್ತೆ ಅಂತಲ್ಲ. ಒಳಗೆ ಬಂದ ಕಬ್ಬಿಣ ರಾತ್ರಿ ಗೇಟ್ ಪಾಸ್ ಇಲ್ಲದೆ ಹೊರಗೆ ಹೋದರೆ ಇದಕ್ಕೆ ಕಾಣಲ್ಲ. ದರವೇ ತಪ್ಪಿದ್ದರೆ ಕಾಣಲ್ಲ. ಆದ್ರೆ ಕೂತಲ್ಲೇ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೂಡು-ಕಳೆ ಇದು. ನಲವತ್ತು ಪುಟದ ವರದಿಯಲ್ಲಿ ಇದಕ್ಕೊಂದು ಜಾಗ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಪ್ರತಿ ತಿಂಗಳು ಮೇಲಿನವರ ಮುಂದೆ ಹೋಗೋ ಡ್ಯಾಶ್‌ಬೋರ್ಡಿನಲ್ಲಿ "ಕೆಲಸದ ಪ್ರಗತಿ" ಅಂತ ಒಂದು ಹಸಿರು ಪಟ್ಟಿ ಇದೆ. ಅದರ ಹಿಂದಿನ ಸಾಲು ಇಷ್ಟೇ:

```
progress_pct = billed_amt / contract_amt * 100
```

ಬರೆದವನು ನಾನೇ. "ಸದ್ಯಕ್ಕೆ ಹೀಗಿರಲಿ, ಆಮೇಲೆ ಸೈಟಿನ ಅಳತೆ ಜೋಡಿಸೋಣ" ಅಂದಿದ್ದರು. ಆ ಆಮೇಲೆ ಯಾವತ್ತೂ ಬರಲಿಲ್ಲ, ನಾನೂ ಕೇಳಲಿಲ್ಲ.

ಇದರ ಪರಿಣಾಮ ನೋಡಿ. ಕರಾರು 40 ಕೋಟಿಯದ್ದು. ಮಾರ್ಚ್ ಕೊನೆಗೆ ಬಿಲ್ಲಾದದ್ದು 26 ಕೋಟಿ. ಎಷ್ಟು ಖರ್ಚಾಯ್ತು? 65 ಶೇಕಡಾ. ಎಷ್ಟು ಕೆಲಸ ಆಯ್ತು? 65 ಶೇಕಡಾ. ಆಹಾ, ಎಂಥ ಶಿಸ್ತು! ಎರಡೂ ಒಂದೇ ಸಂಖ್ಯೆಯಿಂದ ಹುಟ್ಟಿದ್ದು ಸ್ವಾಮಿ, ಬೇರೆಯಾಗೋದು ಹೇಗೆ? ಕಂಟ್ರಾಕ್ಟರ್ ಹೆಚ್ಚು ಬಿಲ್ ಹಾಕಿದಷ್ಟೂ ಕೆಲಸ ಮುಂದೆ ಹೋದ ಹಾಗೆ ಕಾಣುತ್ತೆ. ಪಾಯ ತೋಡುವಾಗ ಬಂಡೆ ಸಿಕ್ಕಿ, ಅದನ್ನ ಒಡೆಯೋಕೆ ಎಕ್ಸ್‌ಟ್ರಾ ಐಟಂ ಅಂತ ಒಂದೂವರೆ ಕೋಟಿ ಹೋಗಿತ್ತು. ಅದು ಕರಾರಿನ 40 ಕೋಟಿಯಲ್ಲಿ ಇರದ ಖರ್ಚು. ಕಟ್ಟಡ ಅದರಿಂದ ಒಂದು ಇಂಚೂ ಮೇಲೇರಲಿಲ್ಲ. ಆದ್ರೆ ನನ್ನ ಹಸಿರು ಪಟ್ಟಿ ಸುಮಾರು ನಾಲ್ಕು ಶೇಕಡಾ ಮುಂದೆ ಜಿಗಿಯಿತು. ನಷ್ಟವನ್ನ ಪ್ರಗತಿ ಅಂತ ತೋರಿಸೋ ಯಂತ್ರ ಮಾಡಿಟ್ಟಿದ್ದೆ ನಾನು :(

ಆಗಸ್ಟಿನಲ್ಲಿ ಸೈಟಿನವರ ಜೊತೆ ಮಹಡಿ ಮಹಡಿ ಹತ್ತಿ, ಮಾರ್ಚ್ ಕೊನೆಗೆ ನಿಜಕ್ಕೂ ಏನೇನು ಮುಗಿದಿತ್ತು ಅಂತ ಲಾರಿ ಚೀಟಿ, ಟೆಸ್ಟ್ ವರದಿ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆವು. 58 ಶೇಕಡಾ ಬಂತು. 26 ಕೋಟಿಗೆ 58 ಶೇಕಡಾ ಆದರೆ ಪೂರ್ತಿಗೆ ಎಷ್ಟು? ಸುಮಾರು 44 ಕೋಟಿ 80 ಲಕ್ಷ. ಒರಟು ಲೆಕ್ಕ ಅಂತ ಒಪ್ತೀನಿ, ಟೈಲ್ಸು ಪೇಂಟಿನ ಹಂತದಲ್ಲಿ ದುಡ್ಡು ಹೋಗೋ ರೀತಿಯೇ ಬೇರೆ. ಆದರೂ ಸುಮಾರು ಐದು ಕೋಟಿಯ ಏರಿಕೆಯ ವಾಸನೆ ಮಾರ್ಚಿನಲ್ಲೇ ಹೊಡೆಯಬೇಕಿತ್ತು. ನಮ್ಮವರಿಗೆ ಹೊಡೆದದ್ದು ದುಡ್ಡು ಖಾಲಿಯಾಗ್ತಾ ಬಂದು, ಕಟ್ಟಡ ಅರ್ಧಕ್ಕೆ ನಿಂತಿರೋದು ಕಂಡಾಗ. ಆಗ ಹೇಳಿದ ಕಾರಣ "ಕಬ್ಬಿಣದ ಬೆಲೆ ಏರಿತು" ಅಂತ!

ಇದು ನಮ್ಮೊಬ್ಬರ ರೋಗವೇನಲ್ಲ. ಲಂಡನ್ನಿನ ಕ್ರಾಸ್‌ರೈಲ್ ನೆನಪಿದೆಯಾ? 2018ರ ಡಿಸೆಂಬರಿನಲ್ಲಿ ಶುರುವಾಗಬೇಕಿದ್ದ ರೈಲು. ಆ ವರ್ಷದ ಆರಂಭದಲ್ಲೇ 90 ಶೇಕಡಾಕ್ಕಿಂತ ಹೆಚ್ಚು ಮುಗಿದಿದೆ ಅಂತ ಹೇಳಿದ್ದರು. ಆಗಸ್ಟ್ 31ಕ್ಕೆ, ಇನ್ನು ಮೂರೇ ಚಿಲ್ಲರೆ ತಿಂಗಳಿರುವಾಗ, ಆಗಲ್ಲ ಅಂದರು. ರೈಲು ಓಡಿದ್ದು 2022ರ ಮೇ 24ಕ್ಕೆ. 14.8 ಬಿಲಿಯನ್ ಪೌಂಡಿನ ಬಜೆಟ್ಟು 19 ಬಿಲಿಯನ್ ಹತ್ತಿರ ಹೋಯ್ತು. ಸುರಂಗ ಕೊರೆದಾಗಿತ್ತು. ಉಳಿದಿದ್ದು ಸ್ಟೇಷನ್ನುಗಳ ಒಳಗಿನ ಕೆಲಸ, ಸಿಗ್ನಲಿಂಗು, ಎಲ್ಲವನ್ನೂ ಕೂಡಿಸಿ ಓಡಿಸಿ ನೋಡೋದು. ಶೇಕಡಾವಾರಿನಲ್ಲಿ ಚಿಕ್ಕದು, ಕಾಲದಲ್ಲಿ ಮೂರೂವರೆ ವರ್ಷ.

ಸೈಟ್ ಇಂಜಿನಿಯರನ್ನ ಕೇಳಿದೆ, ಯಾಕ್ ಸಾರ್ ಟಿಕ್ ಹಾಕಿದ್ರಿ ಅಂತ. ಅವರು ಕಳ್ಳರಲ್ಲ. "ವರ್ಷದ ಬಜೆಟ್ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗುತ್ತೆ ಕಣ್ರೀ. ದುಡ್ಡು ಕೊಡದಿದ್ರೆ ಲೇಬರ್ ಊರಿಗೆ ಹೊರಡ್ತಾರೆ. ಹೇಗಿದ್ರೂ ಎರಡು ವಾರದಲ್ಲಿ ಆಗೋ ಕೆಲಸ" ಅಂದರು. ಕೂಲಿಯವರ ಮಾತು ನಿಜವೇ. ಆದ್ರೆ ಅದಕ್ಕೆ ದಾರಿ ಇದೆಯಲ್ಲ? ಯಾರ್ಡಿನಲ್ಲಿ ಬಿದ್ದಿರೋ ಕಬ್ಬಿಣದ ಮೇಲೆ ಅಡ್ವಾನ್ಸ್ ಕೊಡಿ. ಅಡ್ವಾನ್ಸ್ ಅಂತಲೇ ಬರೆಯಿರಿ, ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಿ. ಸಾಲವನ್ನ ಸಾಲ ಅಂದರೆ ವಾಪಸ್ ಬರುತ್ತೆ. ಅದನ್ನೇ "ಮುಗಿದ ಕೆಲಸ" ಅಂತ ಬರೆದ ಮೇಲೆ ಕಂಟ್ರಾಕ್ಟರಿಗೆ ಅದನ್ನ ಮುಗಿಸೋ ಅವಸರವಾದರೂ ಏನು?

ಆಡಿಟ್‌ನವರ ಉತ್ತರ ಇನ್ನೂ ಚೆನ್ನಾಗಿತ್ತು. "ನಾವು ಅಕೌಂಟೆಂಟುಗಳು, ಇಂಜಿನಿಯರ್ ಸಹಿ ಮಾಡಿದ್ದನ್ನ ನಾವು ಹೇಗೆ ಪ್ರಶ್ನಿಸೋದು?" ತಾರೀಖು ಓದೋಕೆ ಇಂಜಿನಿಯರಿಂಗ್ ಡಿಗ್ರಿ ಬೇಕಾ ಸ್ವಾಮಿ? 35 ಲಾರಿ ಎಣಿಸೋಕೆ? ಟಿಕ್ ಹಾಕಿದವನದ್ದೇ ಸಹಿ, ಅವನದ್ದೇ ಪಿಡಿಎಫ್. ಒಬ್ಬನೇ ಬರೆದ ಎರಡು ಕಾಗದ ಒಂದಕ್ಕೊಂದು ಹೊಂದಿದರೆ ಅದು ಆಡಿಟ್ ಅಲ್ಲ, ಕನ್ನಡಿ ನೋಡಿಕೊಳ್ಳೋದು. ಮೈಲಿಗಲ್ಲಿಗೆ ಸಾಕ್ಷಿ ಬೇಕಾದದ್ದು ಬಿಲ್ಲಿನಿಂದ ಲಾಭವಿಲ್ಲದವರಿಂದ: ಲ್ಯಾಬು, ಗೇಟು, ವೇ ಬ್ರಿಡ್ಜು.

ನಮ್ಮ ಚಿಕ್ಕಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಅವರಿಗೆ ಇದೆಲ್ಲ ಹೇಳಿದಾಗ ಮೊದಲು ಕೇಳಿದ್ದು, "ಎಂ.ಬಿ. ಎಲ್ಲೋ?" ಅಂತ. ಮೆಷರ್‌ಮೆಂಟ್ ಬುಕ್. ಪುಟಕ್ಕೆ ನಂಬರ್ ಹಾಕಿದ ಪುಸ್ತಕ, ಅಳೆದವನು ಅಳೆದ ದಿನ ಬರೆದು ಸಹಿ ಹಾಕಬೇಕು, ಮೇಲಿನವನು ಬಂದು ಅದರಲ್ಲಿ ಕೆಲವನ್ನ ಮತ್ತೆ ಅಳೆಯಬೇಕು. "ನಮ್ಮಲ್ಲೂ ಸುಳ್ಳು ಬರೀತಿದ್ರು ಕಣೋ. ಆದ್ರೆ ಸುಳ್ಳು ಬರೆಯೋಕೆ ಇಬ್ಬರು ಬೇಕಿತ್ತು. ನೀನು ಅದನ್ನ ಒಬ್ಬನ ಕೈಗೇ ಕೊಟ್ಟಿದ್ದೀಯ" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ಮಾತು. ಆಗಸ್ಟಿನಲ್ಲಿ ಬಂದ ಆಡಿಟ್ ಏಪ್ರಿಲ್‌ನ ಕಂಬಿ ಎಣಿಸೋಕಾಗಲ್ಲ, ಅದು ಕಾಂಕ್ರೀಟಿನೊಳಗೆ ಹೂತುಹೋಗಿರುತ್ತೆ. ಕಂಬಿ ಕಟ್ಟಿಯಾಗಿ ಲಾರಿ ಬರೋ ಹಿಂದಿನ ದಿನ ಹೇಳದೇ ಕೇಳದೇ ಸೈಟಿಗೆ ಹೋಗಿ ಟೇಪ್ ಹಿಡಿದು ನೋಡಬೇಕು. ಎಲ್ಲ ಮಹಡಿಗೂ ಬೇಡ, ಯಾವ ಮಹಡಿಗೆ ಬರ್ತಾರೋ ಗೊತ್ತಿರದಿದ್ದರೆ ಸಾಕು.

ನಾನು ನನ್ನ ಪಾಲಿನದ್ದು ಮಾಡಿದ್ದೀನಿ. ಹಸಿರು ಪಟ್ಟಿಯ ಹೆಸರನ್ನ "ಬಿಲ್ಲಾದ ಹಣ" ಅಂತ ಬದಲಾಯಿಸಿದೆ. ಇಷ್ಟು ದಿನ ಅದು ಅಷ್ಟೇ ಆಗಿತ್ತು. ಜೊತೆಗೆ ಪ್ರತಿ ರಾತ್ರಿ ಓಡೋ ಹಾಗೆ ಇದನ್ನ ಸೇರಿಸಿದೆ. ಎರಡನೇ ತಾರೀಖು ಲ್ಯಾಬಿನಿಂದ ಬರುತ್ತೆ, ಸೈಟಿನಿಂದಲ್ಲ:

```sql
SELECT milestone_id, certified_on, cast_on
FROM milestones JOIN cube_tests USING (milestone_id)
WHERE cast_on > certified_on;
```

ಹಳೇ ಡೇಟಾದ ಮೇಲೆ ಓಡಿಸಿದಾಗ ಐದನೇ ಮಹಡಿಯೊಂದೇ ಬರಲಿಲ್ಲ, ಇನ್ನೂ ಮೂರು ಬಂದವು. ಮೂರೂ ಮಾರ್ಚಿನವೇ. ಆ ಪಟ್ಟಿಯನ್ನ ಆಡಿಟ್‌ನವರಿಗೂ ಅವರ ಮೇಲಿನವರಿಗೂ ಕಳಿಸಿದ್ದೀನಿ. ಇನ್ನೂ ಉತ್ತರ ಬಂದಿಲ್ಲ. ಪಟ್ಟಿಯ ಹೆಸರು ಮತ್ತೆ "ಪ್ರಗತಿ" ಅಂತ ಮಾಡು ಅಂತ ಮಾತ್ರ ಒಂದು ಮೇಲ್ ಬಂದಿದೆ. ಮಾಡಲ್ಲ ಅಂತ ಬರೆದಿದ್ದೀನಿ.

ನಿಮ್ಮ ಆಫೀಸಿನ ಹಸಿರು ಪಟ್ಟಿಯ ಹಿಂದೆ ಯಾವ ಸಾಲಿದೆ, ಒಮ್ಮೆ ಇಣುಕಿ ನೋಡಿ.