ಸಾಲಿನ ಕೊನೆ ಮತ್ತು ಪದದ ಸಂಧಿ: ಕನ್ನಡ ಅಂಕಣದ ಬಿರುಕುಗಳನ್ನು ಕುರಿತು

ಕನ್ನಡ ನಿಯತಕಾಲಿಕದ ಯಾವುದಾದರೊಂದು ಪುಟವನ್ನು ತೋಳಳತೆಯಲ್ಲಿ ಹಿಡಿದು ನೋಡಿದರೆ, ಎಡಬಲದ ಅಂಚುಗಳನ್ನು ಸಮಗೊಳಿಸಿದ ಅಂಕಣದೊಳಗೆ ಅಲ್ಲಲ್ಲಿ ಬಿಳಿಯ ಬಿರುಕುಗಳು ಕಾಣಿಸುತ್ತವೆ. ಒಂದು ಸಾಲಿನಲ್ಲಿ ಪದಗಳು ಒತ್ತಾಗಿ ಕುಳಿತಿದ್ದರೆ, ಅದರ ಕೆಳಗಿನ ಸಾಲಿನಲ್ಲಿ ಎರಡೇ ಪದಗಳು ಎರಡು ಅಂಚಿಗೆ ಸರಿದು ನಡುವೆ ಬಯಲು ಬಿದ್ದಿರುತ್ತದೆ. ಇದನ್ನು ಸಾಮಾನ್ಯವಾಗಿ ಅಚ್ಚುಕೂಟದ ಅಥವಾ ಗಣಕಯಂತ್ರದ ದೋಷವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಇದು ಮೊದಲಿಗೆ ವ್ಯಾಕರಣಕ್ಕೆ ಸಂಬಂಧಿಸಿದ ಪ್ರಶ್ನೆ. ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬಹುದು, ಎಲ್ಲಿ ಮುರಿಯಬಾರದು ಎಂಬುದನ್ನು ಕನ್ನಡ ಬಲ್ಲವರು ಸ್ಪಷ್ಟವಾಗಿ ಹೇಳದೆ ಹೋದಾಗ, ಆ ತೀರ್ಮಾನವನ್ನು ಕನ್ನಡ ಅರಿಯದ ಯಂತ್ರವೊಂದು ತನಗೆ ತೋಚಿದಂತೆ ಮಾಡುತ್ತದೆ.

ಒಂದು ನಿದರ್ಶನವನ್ನು ಲೆಕ್ಕಹಾಕಿ ನೋಡುವುದು ಒಳಿತು. ನವಿಮುಂಬಯಿಯ ಖಾರಘರವನ್ನು ಕುರಿತ ಲೇಖನವೊಂದರಲ್ಲಿ ಈ ವಾಕ್ಯ ಬರುತ್ತದೆಂದು ಭಾವಿಸೋಣ: ‘ಖಾರಘರದ ಗುಡ್ಡಗಳಿಗೆ ಮಳೆಗಾಲದಲ್ಲಿ ಬರುವವರು ಪಾಂಡವಕಡಾ ಜಲಪಾತವನ್ನು ದೂರದಿಂದಲೇ ನೋಡಿ ಹಿಂದಿರುಗುವುದುಂಟು.’ ಅಂಕಣ ಕಿರಿದಾಗಿದ್ದು ಒಂದು ಸಾಲಿಗೆ 14 ಅಕ್ಷರಗಳು ಹಿಡಿಸುತ್ತವೆ. ಪದಗಳ ನಡುವಣ ಸಹಜವಾದ ತೆರವು ಅರ್ಧ ಅಕ್ಷರದಷ್ಟು. ಅಕ್ಷರಗಳ ಅಗಲ ಒಂದೇ ಸಮನಾಗಿರುವುದಿಲ್ಲವಾದರೂ ಲೆಕ್ಕದ ಅನುಕೂಲಕ್ಕಾಗಿ ಹಾಗೆಂದುಕೊಳ್ಳಬಹುದು. ಪದವನ್ನು ಎಲ್ಲಿಯೂ ಮುರಿಯಕೂಡದೆಂದರೆ ಸಾಲುಗಳು ಹೀಗೆ ಬೀಳುತ್ತವೆ:

ಖಾರಘರದ ಗುಡ್ಡಗಳಿಗೆ
ಮಳೆಗಾಲದಲ್ಲಿ ಬರುವವರು
ಪಾಂಡವಕಡಾ ಜಲಪಾತವನ್ನು
ದೂರದಿಂದಲೇ ನೋಡಿ
ಹಿಂದಿರುಗುವುದುಂಟು.

ಮೊದಲ ಸಾಲಿನಲ್ಲಿ 10 ಅಕ್ಷರಗಳಿವೆ. ಮುಂದಿನ ಪದಕ್ಕೆ 6 ಅಕ್ಷರಗಳಾದುದರಿಂದ ಅದು ಈ ಸಾಲಿಗೆ ಸೇರದು. ಉಳಿದ 4 ಅಕ್ಷರಗಳ ಜಾಗವೆಲ್ಲ ಇರುವ ಒಂದೇ ತೆರವಿಗೆ ಬೀಳುತ್ತದೆ. ಅದು ಸಹಜ ತೆರವಿನ 8 ಪಟ್ಟು. ಎರಡನೆಯ ಮತ್ತು ಮೂರನೆಯ ಸಾಲುಗಳಲ್ಲಿ ತೆರವು 6 ಪಟ್ಟಾಗುತ್ತದೆ. ನಾಲ್ಕನೆಯ ಸಾಲಿನಲ್ಲಂತೂ 7 ಅಕ್ಷರಗಳ ಎದುರು 7 ಅಕ್ಷರಗಳಷ್ಟು ಬಯಲು, ಅಂದರೆ 14 ಪಟ್ಟು. ವಿಭಕ್ತಿ ಪ್ರತ್ಯಯವನ್ನೂ ಅವಧಾರಣೆಯನ್ನೂ ಪದದೊಳಗೇ ಕೂಡಿಸಿಕೊಳ್ಳುವ ಭಾಷೆಯಲ್ಲಿ ಪದಗಳು ಉದ್ದವಾಗುತ್ತವೆ, ಸಾಲಿನೊಳಗಣ ತೆರವುಗಳು ಕಡಿಮೆಯಾಗುತ್ತವೆ. ಉಳಿದ ಜಾಗವನ್ನು ಹಂಚಿಕೊಳ್ಳಲು ಹತ್ತು ತೆರವುಗಳಿದ್ದರೆ ಕಣ್ಣಿಗೆ ತಿಳಿಯದು. ಒಂದೇ ಇದ್ದರೆ ಬಿರುಕಾಗುತ್ತದೆ.

ಅದೇ ವಾಕ್ಯದಲ್ಲಿ ಎರಡು ಪದಗಳನ್ನು ಮುರಿಯಲು ಒಪ್ಪಿದರೆ ಫಲಿತಾಂಶ ಬೇರೆಯೇ ಆಗುತ್ತದೆ:

ಖಾರಘರದ ಗುಡ್ಡಗಳಿಗೆ ಮಳೆ-
ಗಾಲದಲ್ಲಿ ಬರುವವರು ಪಾಂಡವ-
ಕಡಾ ಜಲಪಾತವನ್ನು ದೂರದಿಂದಲೇ
ನೋಡಿ ಹಿಂದಿರುಗುವುದುಂಟು.

ಹೈಫನ್ನಿಗೆ ಅರ್ಧ ಅಕ್ಷರದ ಜಾಗ ಕೊಟ್ಟರೂ ಮೊದಲ ಎರಡು ಸಾಲುಗಳಲ್ಲಿ ತೆರವು ಸಹಜಕ್ಕಿಂತ ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ಮೂರನೆಯ ಸಾಲು ಸರಿಯಾಗಿ 14ಕ್ಕೆ ತುಂಬುತ್ತದೆ. ಐದು ಸಾಲುಗಳ ವಾಕ್ಯ ನಾಲ್ಕಕ್ಕೆ ಇಳಿಯುತ್ತದೆ. ಲೇಖಕನ ಒಂದು ಅಕ್ಷರವೂ ಬದಲಾಗಿಲ್ಲ.

ಪದವನ್ನು ಮುರಿಯುವುದು ಕನ್ನಡಕ್ಕೆ ಒಗ್ಗದ ಪದ್ಧತಿಯೆಂಬ ಆಕ್ಷೇಪ ಕೇಳಿಬರುವುದುಂಟು. ಶಾಸನಗಳನ್ನೂ ಓಲೆಗರಿಗಳನ್ನೂ ಬಲ್ಲವರಿಗೆ ಈ ಆಕ್ಷೇಪ ನಿಲ್ಲುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಪದಗಳ ನಡುವೆ ತೆರವೇ ಇಲ್ಲ. ಕಲ್ಲು ಅಥವಾ ಗರಿ ಮುಗಿದಲ್ಲಿ ಅಕ್ಷರ ಮುಗಿದರೆ ಸಾಕು, ಪದದ ಉಳಿದ ಭಾಗ ಮುಂದಿನ ಸಾಲಿನಲ್ಲಿ ಮುಂದುವರಿಯುತ್ತದೆ. ಕನ್ನಡ ಬರವಣಿಗೆಗೆ ಹೊಸದಾಗಿ ಬಂದದ್ದು ಪದಗಳ ನಡುವಣ ತೆರವೇ ಹೊರತು ಸಾಲಿನ ಕೊನೆಯ ಮುರಿತವಲ್ಲ. ಆದರೆ ತೆರವಿಗೆ ಒಗ್ಗಿದ ಇಂದಿನ ಓದುಗನು ಸಾಲಿನ ಕೊನೆಯನ್ನು ಪದದ ಕೊನೆಯೆಂದೇ ತಿಳಿಯುವುದರಿಂದ, ಮುರಿದಲ್ಲಿ ಹೈಫನ್ ಇರಬೇಕಾದುದು ಅಗತ್ಯ. ‘ಮಳೆ’ ಎಂದು ನಿಂತು ‘ಗಾಲದಲ್ಲಿ’ ಎಂದು ತೊಡಗಿದರೆ ಅವನು ಎಡವುತ್ತಾನೆ.

ಹಾಗಾದರೆ ಎಲ್ಲಿ ಮುರಿಯಬೇಕು? ಮೊದಲ ನಿಯಮ ಲಿಪಿಯದು: ಅಕ್ಷರವನ್ನು ಒಡೆಯಕೂಡದು. ಸ್ವರಚಿಹ್ನೆ, ಒತ್ತಕ್ಷರ, ಅನುಸ್ವಾರ, ವಿಸರ್ಗಗಳು ತಮ್ಮ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಇಳಿಯಬಾರದು. ಇಲ್ಲಿ ಉಚ್ಚಾರಣೆಯ ವಿಭಜನೆಗೂ ಲಿಪಿಯ ವಿಭಜನೆಗೂ ವ್ಯತ್ಯಾಸವಿರುವುದನ್ನು ಗಮನಿಸಬೇಕು. ‘ಕರ್ಮ’ ಎಂಬಲ್ಲಿ ಕಿವಿಗೆ ಕೇಳಿಸುವುದು ‘ಕರ್’ ಮತ್ತು ‘ಮ’. ಛಂದಸ್ಸಿನಲ್ಲಿ ಮೊದಲ ಅಕ್ಷರ ಗುರುವಾಗುವುದೂ ಮುಂದಿನ ಒತ್ತಿನಿಂದಲೇ. ಬರವಣಿಗೆಯಲ್ಲಾದರೋ ಅರ್ಕಾವೊತ್ತು ಮಕಾರದ ಬಲಕ್ಕೆ ಅಂಟಿಕೊಂಡಿದೆ. ಆದುದರಿಂದ ಮುರಿತದ ಎಡೆ ಕಕಾರದ ನಂತರವೇ. ಎರಡನೆಯ ನಿಯಮ ಕಣ್ಣಿಗೆ ಸಂಬಂಧಿಸಿದ್ದು: ಮುರಿತದ ಎರಡು ಕಡೆಯಲ್ಲಿಯೂ ಕನಿಷ್ಠ ಎರಡು ಅಕ್ಷರಗಳಿರಬೇಕು. ಹಾಗಾಗಿ ಲಿಪಿ ಒಪ್ಪಿದರೂ ‘ಕರ್ಮ’ದಂಥ ಎರಡಕ್ಷರದ ಪದವನ್ನು ಮುರಿಯುವ ಮಾತೇ ಬಾರದು.

ಮೂರನೆಯ ನಿಯಮ ವ್ಯಾಕರಣದ್ದು: ಪದದ ಬೆಸುಗೆ ಕಾಣುವಲ್ಲಿ ಅಲ್ಲಿಯೇ ಮುರಿಯುವುದು ಲೇಸು. ‘ಮಳೆಗಾಲ’ ಆದೇಶಸಂಧಿಗೆ ಪಾಠಪುಸ್ತಕದ ಉದಾಹರಣೆ; ಕಕಾರ ಗಕಾರವಾದರೂ ಬೆಸುಗೆಯ ಎಡೆ ಅಕ್ಷರಗಳ ನಡುವೆಯೇ ಉಳಿದಿದೆ. ಆಗಮಸಂಧಿಯಲ್ಲಿಯೂ ಹೀಗೆಯೇ: ‘ಮನೆಯಲ್ಲಿ’ ಎಂಬುದನ್ನು ‘ಮನೆ’ಯ ನಂತರ ಮುರಿದರೆ ಆಗಮವಾಗಿ ಬಂದ ಯಕಾರ ಪ್ರತ್ಯಯದೊಡನೆ ಕೆಳಗಿಳಿಯುತ್ತದೆ. ತೊಡಕು ಇರುವುದು ಲೋಪಸಂಧಿ ಮತ್ತು ಸವರ್ಣದೀರ್ಘಸಂಧಿಗಳಲ್ಲಿ. ‘ಊರೂರು’ ಎಂಬಲ್ಲಿ ಬೆಸುಗೆ ‘ರೂ’ ಎಂಬ ಅಕ್ಷರದ ಒಳಗಿದೆ. ‘ದೇವಾಲಯ’ದಲ್ಲಿ ಅದು ‘ವಾ’ ಎಂಬುದರ ಒಳಗಿದೆ. ಇಂಥ ಕಡೆ ಲಿಪಿಯ ನಿಯಮವೇ ಮೇಲು. ವ್ಯಾಕರಣಕ್ಕಾಗಿ ಅಕ್ಷರವನ್ನು ಒಡೆಯಲಾಗದು. ಊರೂರನ್ನು ಮುರಿಯದೆ ಬಿಡಬೇಕು. ದೇವಾಲಯವನ್ನು ಅನಿವಾರ್ಯವಾದರೆ ‘ವಾ’ ಎಂಬುದರ ನಂತರ ಮುರಿಯಬಹುದು. ಇದಲ್ಲದೆ, ಮುರಿದ ತುಂಡು ಬೇರೊಂದು ಪದವಾಗಿ ಕಾಣುವ ಅಪಾಯವೂ ಇದೆ. ಮೇಲಿನ ವಾಕ್ಯದ ‘ಹಿಂದಿರುಗುವುದುಂಟು’ ಎಂಬುದನ್ನು ಎರಡು ಅಕ್ಷರಗಳ ನಂತರ ಮುರಿದರೆ ಸಾಲಿನ ಕೊನೆಯಲ್ಲಿ ಉಳಿಯುವುದು ‘ಹಿಂದಿ’. ‘ಹಿಂದಿರುಗು’ ಎಂಬುದರ ನಂತರ ಮುರಿದರೆ ಈ ಭ್ರಾಂತಿಗೆ ಎಡೆಯಿಲ್ಲ.

ಈ ವಿವೇಚನೆ ಯಂತ್ರಕ್ಕೆ ಎಷ್ಟರಮಟ್ಟಿಗೆ ಸಾಧ್ಯ? ಯೂನಿಕೋಡ್‌ಪೂರ್ವದ ಅಕ್ಷರಶೈಲಿಗಳಲ್ಲಿ ಅದು ಸಾಧ್ಯವೇ ಇಲ್ಲ. ಅಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಲಿಪಿಯ ಸಂಕೇತಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಯಂತ್ರ ಅದನ್ನು ಇಂಗ್ಲಿಷೆಂದೇ ಬಗೆದು, ಒತ್ತನ್ನು ಅಕ್ಷರದಿಂದ ಬೇರ್ಪಡಿಸಬಲ್ಲದು. ಯೂನಿಕೋಡ್ ಪಠ್ಯಕ್ಕೆ ಸಂತೋಷ್ ತೊಟ್ಟಿಂಗಲ್ ಅವರು ಸಿದ್ಧಪಡಿಸಿದ ಕನ್ನಡ ಪದವಿಭಜನೆಯ ಮಾದರಿಗಳಿವೆ. ಅವು ಅಕ್ಷರದ ಎಲ್ಲೆಯನ್ನು ಕಾಯುತ್ತವೆ. ಆದರೆ ಮಳೆಗೂ ಗಾಲಕ್ಕೂ ನಡುವಣ ಬೆಸುಗೆ ಅವುಗಳಿಗೆ ತಿಳಿಯದು. ಇನ್ನು ಸಾಲುಗಳ ಹಂಚಿಕೆಯಲ್ಲಿ ಒಂದೊಂದೇ ಸಾಲನ್ನು ನೋಡುವುದರ ಬದಲು ಇಡೀ ಕಂಡಿಕೆಯನ್ನು ಒಟ್ಟಾಗಿ ತೂಗಿನೋಡುವ ಕ್ರಮವನ್ನು ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದರು. ಇಂಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗಾಗಿ ಆರಿಸಬೇಕಾದ Adobe World-Ready Paragraph Composer ಕೂಡ ಕಂಡಿಕೆಯನ್ನು ಒಟ್ಟಾಗಿಯೇ ನೋಡುತ್ತದೆ. ಅದರಲ್ಲಿ ಪದಗಳ ತೆರವು ಮೊದಲಿಗೆ ಶೇಕಡಾ 80ರಿಂದ 133ರ ನಡುವೆ ನಿಗದಿಯಾಗಿರುತ್ತದೆ. ಕಿರಿದಾದ ಕನ್ನಡ ಅಂಕಣಕ್ಕೆ ಮೇಲಿನ ಮಿತಿಯನ್ನು 150ಕ್ಕೆ ಏರಿಸಬಹುದು. ಅಕ್ಷರಗಳ ನಡುವಣ ತೆರವನ್ನು ಮಾತ್ರ ಸೊನ್ನೆಯಲ್ಲಿಯೇ ಇಡಬೇಕು. ಅದನ್ನು ಹಿಗ್ಗಿಸಿದರೆ ದೀರ್ಘದ ಗುರುತೂ ಅರ್ಕಾವೊತ್ತೂ ಅಕ್ಷರದಿಂದ ದೂರ ಸರಿಯುತ್ತವೆ. ಮಿತಿ ಮೀರಿದ ಸಾಲುಗಳನ್ನು H&J Violations ಎಂಬ ಆಯ್ಕೆ ಹಳದಿ ಬಣ್ಣದಲ್ಲಿ ತೋರಿಸಿಕೊಡುತ್ತದೆ.

ಹೀಗೆ ತೋರಿದ ಸಾಲಿಗೆ ಸರಿಯಾದ ಚಿಕಿತ್ಸೆ ಗುಪ್ತ ಹೈಫನ್. ಯೂನಿಕೋಡಿನಲ್ಲಿ ಇದರ ಸಂಕೇತ U+00AD. ಪದ ಸಾಲಿನ ನಡುವೆ ಇದ್ದಾಗ ಇದು ಕಾಣಿಸದು. ಮುರಿಯಬೇಕಾಗಿ ಬಂದಾಗ ಮಾತ್ರ ಹೈಫನ್ ಆಗಿ ಪ್ರಕಟವಾಗುತ್ತದೆ. ಇಂಡಿಸೈನ್‌ನಲ್ಲಿ Ctrl+Shift+-, ಲಿಬ್ರೆ ಆಫೀಸ್ ಮತ್ತು ವರ್ಡ್‌ಗಳಲ್ಲಿ Ctrl+- ಒತ್ತಿದರೆ ಇದು ಸೇರುತ್ತದೆ. ಮುಂಬಯಿ, ಖಾರಘರ, ಡೊಂಬಿವಲಿಗಳಲ್ಲಿ ಪುಟ ಜೋಡಿಸುವವರಿಗೆ ಕನ್ನಡ ಓದಲು ಬಾರದಿರುವ ಸಂದರ್ಭವೂ ಇರಬಹುದಾದುದರಿಂದ, ಈ ಗುರುತುಗಳನ್ನು ಉದ್ದವಾದ ಪದಗಳಲ್ಲಿ ಸಂಪಾದಕರೇ ಮುಂಚಿತವಾಗಿ ಸೇರಿಸಿ ಕಳುಹಿಸುವುದು ಯುಕ್ತ.

ಪ್ರಚಾರದಲ್ಲಿರುವ ಇತರ ಉಪಾಯಗಳು ಪುಟವನ್ನು ಉಳಿಸಿ ಪಠ್ಯವನ್ನು ಕೆಡಿಸುತ್ತವೆ. ‘ಜಲಪಾತ’ ಮತ್ತು ‘ವನ್ನು’ ನಡುವೆ ತೆರವು ಹಾಕಿ ಜಾಗ ತುಂಬಿಸುವುದು ಅವುಗಳಲ್ಲಿ ಮೊದಲನೆಯದು. ಪ್ರತ್ಯಯ ಸ್ವತಂತ್ರ ಪದವಾಗಿ ಅಲೆಯತೊಡಗುವುದು ಹೀಗೆ. ಕೈಯಿಂದ ಸಾಮಾನ್ಯ ಹೈಫನ್ ಒತ್ತುವುದು ಎರಡನೆಯದು. ಮುಂದೆ ಒಂದು ಪದ ತಿದ್ದಿದರೆ ಸಾಲುಗಳು ಸರಿದು, ಆ ಹೈಫನ್ ಸಾಲಿನ ನಡುವೆ ಉಳಿದುಬಿಡುತ್ತದೆ. Shift+Enter ಒತ್ತಿ ಸಾಲನ್ನು ಬಲವಂತವಾಗಿ ಮುರಿದರೆ, ಆ ಸಾಲಿನ ಪದಗಳು ಅಂಚಿನವರೆಗೆ ಹಿಗ್ಗಿ ಬಿರುಕು ಇನ್ನಷ್ಟು ಅಗಲವಾಗುತ್ತದೆ. ಲೇಖಕನನ್ನು ಕೇಳದೆ ‘ನೋಡಿ’ಯನ್ನು ‘ವೀಕ್ಷಿಸಿ’ ಎಂದು ಬದಲಾಯಿಸುವುದು ಇವೆಲ್ಲಕ್ಕಿಂತ ಕೆಟ್ಟದ್ದು.

ಇದರ ಪರಿಣಾಮ ಆ ಸಂಚಿಕೆಗಷ್ಟೇ ಸೀಮಿತವಲ್ಲ. ಹೊರನಾಡಿನ ಕನ್ನಡ ನಿಯತಕಾಲಿಕಗಳು ನಾಳಿನ ಸಂಶೋಧಕನಿಗೆ ಆಕರಗಳು. ಅವುಗಳ ಗಣಕಪ್ರತಿಯಿಂದ ಪದಸೂಚಿ ಸಿದ್ಧಪಡಿಸುವವನಿಗೆ ‘ವನ್ನು’ ಒಂದು ಪದವಾಗಿ ಸಿಗುತ್ತದೆ, ‘ಮಳೆಗಾಲ’ ಹುಡುಕಿದರೆ ಸಿಗುವುದಿಲ್ಲ. ಗುಪ್ತ ಹೈಫನ್ನುಗಳಾದರೆ ಬೇರೆಯ ಸಂಕೇತವಿರುವುದರಿಂದ ಎಲ್ಲವನ್ನೂ ಒಂದೇ ಸಲಕ್ಕೆ ತೆಗೆದುಹಾಕಬಹುದು. ಕೈಯಿಂದ ಒತ್ತಿದ ಹೈಫನ್ ಮತ್ತು ತೆರವುಗಳಲ್ಲಿ ಲೇಖಕನದು ಯಾವುದು, ಪುಟ ಜೋಡಿಸಿದವನದು ಯಾವುದು ಎಂದು ಬೇರ್ಪಡಿಸುವ ಉಪಾಯವೇ ಇಲ್ಲ. ಹಸ್ತಪ್ರತಿಗಳಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನು ಗುರುತಿಸಲು ಗ್ರಂಥಸಂಪಾದನೆಯ ಶಾಸ್ತ್ರವೇ ಬೆಳೆಯಿತು. ಅಂಥದೇ ಸ್ಖಾಲಿತ್ಯವನ್ನು ಈಗ ಅಂದಕ್ಕಾಗಿ ಸೃಷ್ಟಿಸುವುದು ಸಲ್ಲದು.

ಎಲ್ಲ ಅಂಕಣಕ್ಕೂ ಈ ಚಿಕಿತ್ಸೆ ಫಲಿಸದೆಂಬುದನ್ನೂ ಒಪ್ಪಬೇಕು. ಸತತವಾಗಿ ಎರಡಕ್ಕಿಂತ ಹೆಚ್ಚು ಸಾಲುಗಳು ಹೈಫನ್ನಿನಿಂದ ಮುಗಿಯತೊಡಗಿದರೆ ದೋಷ ಪದದಲ್ಲಿಲ್ಲ, ಅಂಕಣದ ಅಗಲದಲ್ಲಿದೆ ಎಂದೇ ತಿಳಿಯಬೇಕು. ಮೇಲಿನ ವಾಕ್ಯವನ್ನೇ 28 ಅಕ್ಷರಗಳ ಅಂಕಣದಲ್ಲಿ ಇಟ್ಟರೆ ‘ಪಾಂಡವಕಡಾ’ ಎಂಬಲ್ಲಿಗೆ ಮೊದಲ ಸಾಲು ಸರಿಯಾಗಿ ತುಂಬಿ, ಒಂದು ಪದವನ್ನೂ ಮುರಿಯಬೇಕಾಗುವುದಿಲ್ಲ. ಅಗಲವನ್ನು ಹೆಚ್ಚಿಸಲಾಗದ ಚಿತ್ರಶೀರ್ಷಿಕೆ, ಚೌಕಟ್ಟಿನ ಬರಹಗಳಲ್ಲಿ ಬಲದ ಅಂಚನ್ನು ಸಮಗೊಳಿಸದೆ ಬಿಡುವುದೇ ಮೇಲು.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಚಿಕ್ಕದು, ಖಚಿತವಾದುದು. ಸಂಧಿಪ್ರಕರಣವನ್ನು ಪಾಠ ಹೇಳುವಾಗಲೇ ಪ್ರತಿಯೊಂದು ಸಂಧಿಯ ಬೆಸುಗೆ ಅಕ್ಷರಗಳ ನಡುವೆ ಬೀಳುತ್ತದೆಯೋ ಒಳಗೆ ಬೀಳುತ್ತದೆಯೋ ಎಂದು ವಿಂಗಡಿಸಿ, ವಿಭಕ್ತಿ ಪ್ರತ್ಯಯಗಳನ್ನೂ ಸಾಮಾನ್ಯ ಸಮಾಸಗಳನ್ನೂ ಸೇರಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸಬಹುದು. ಪುಟ ಜೋಡಿಸುವವನಿಗೆ ಬೇಕಾದುದು ಆ ಪಟ್ಟಿ. ಅದು ಅವನ ಕೈಗೆ ಸಿಗುವವರೆಗೆ ಅಂಕಣದ ಬಿರುಕಿಗೆ ಅವನನ್ನು ದೂರುವುದು ನ್ಯಾಯವಲ್ಲ.