ಲಾಭದ ಪಾಲು ಬೇರೆ, ಲಾಭಾಂಶ ಬೇರೆ

ಕಳೆದ ಆಗಸ್ಟಿನ ಒಂದು ಸಂಜೆ ಚಿಂಚ್‌ವಡದ ನನ್ನ ಆಫೀಸಿಗೆ ಧಾರವಾಡದಿಂದ ಫೋನ್ ಬಂತು. ಭೋಸರಿಯಲ್ಲಿ ಸಣ್ಣದೊಂದು ಮಷೀನಿಂಗ್ ಕಾರ್ಖಾನೆ ಇಟ್ಟುಕೊಂಡಿರುವ ನಮ್ಮ ಕಡೆಯವರೊಬ್ಬರ ಲೆಕ್ಕಪತ್ರ ನಾನು ನೋಡುತ್ತೇನೆ. ಫೋನ್ ಮಾಡಿದವರು ಅವರ ತಮ್ಮ. ಕಂಪನಿಯಲ್ಲಿ ಅವರದೂ 40 ಶೇಕಡ ಪಾಲಿದೆ. ವಾರ್ಷಿಕ ಸಭೆಗೆ ಮುಂಚೆ ಕರಡು ಲೆಕ್ಕ ಅವರಿಗೂ ಹೋಗಿತ್ತು.

"ಬೆಳಗಾವಿ ಕಂಪನಿಯಿಂದ 15 ಲಕ್ಷ ಆದಾಯ ಅಂತ ಬರದೀರಿ ಸಾಹೇಬ್ರ. ಅಣ್ಣ ನನಗ 3 ಲಕ್ಷ ಬಂತು ಅಂತ ಹೇಳ್ಯಾನ. ಉಳದ 12 ಲಕ್ಷ ಎಲ್ಲಿ ಹೋತ್ರಿ?"

ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಮಗಳ ಕಾಲೇಜು ಸೀಟಿಗೆ ಹಣ ಹೊಂದಿಸುತ್ತಿದ್ದರು. ಅಣ್ಣ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನ ಒಳಗೆ ಹೊಕ್ಕಾಗಿತ್ತು.

ಅಣ್ಣ ಏನೂ ಮುಚ್ಚಿಟ್ಟಿರಲಿಲ್ಲ. ತಪ್ಪು ನಮ್ಮ ಆಫೀಸಿನದು. ನಮ್ಮ ಹುಡುಗ ಬರೆದಿದ್ದ, ನಾನು ಕಣ್ಣಾಡಿಸಿ ಪಾಸ್ ಮಾಡಿದ್ದೆ.

ಆದದ್ದು ಇಷ್ಟು. ಭೋಸರಿ ಕಂಪನಿ ವರ್ಷದ ಆರಂಭದಲ್ಲಿ ಬೆಳಗಾವಿಯ ಒಂದು ಫೌಂಡ್ರಿ ಕಂಪನಿಯಲ್ಲಿ 30 ಶೇಕಡ ಪಾಲನ್ನು 90 ಲಕ್ಷ ಕೊಟ್ಟು ಕೊಂಡಿತ್ತು. 20 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಮತಾಧಿಕಾರವಿದ್ದು, ಪೂರ್ತಿ ಹಿಡಿತ ಇಲ್ಲದಿದ್ದರೆ ನಮ್ಮ ಕಂಪನಿ ಕಾಯ್ದೆಯ ಪ್ರಕಾರ ಅದು 'ಅಸೋಸಿಯೇಟ್'. ಬೀಗರ ಮನೆ ಇದ್ದ ಹಾಗೆ: ನಮ್ಮ ಮಾತು ಕೇಳುತ್ತಾರೆ, ಆದರೆ ಬೀರುವಿನ ಕೀಲಿ ನಮ್ಮ ಕೈಯಲ್ಲಿಲ್ಲ. ಇಂಥ ಪಾಲನ್ನು ಕಂಪನಿಯ ಸ್ವಂತ ಲೆಕ್ಕದಲ್ಲಿ ಕೊಂಡ ಬೆಲೆಗೇ ಇಡುತ್ತೇವೆ. ಅದರ ಜೊತೆಗೆ ಮಾಡುವ ಕ್ರೋಡೀಕೃತ ಲೆಕ್ಕದಲ್ಲಿ, ಅಂದರೆ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ, ಈಕ್ವಿಟಿ ಪದ್ಧತಿಯಲ್ಲಿ ಬರೆಯುತ್ತೇವೆ.

ಆ ಪದ್ಧತಿಯ ಜೀವ ಎರಡು ನಮೂದುಗಳಲ್ಲಿದೆ. ಫೌಂಡ್ರಿ ಆ ವರ್ಷ 40 ಲಕ್ಷ ಲಾಭ ಮಾಡಿತು. ಅದರ 30 ಶೇಕಡ, ಅಂದರೆ 12 ಲಕ್ಷ, ನಮ್ಮ ಲಾಭಕ್ಕೆ ಸೇರುತ್ತದೆ. ಅಷ್ಟೇ ಮೊತ್ತದಿಂದ ನಮ್ಮ ಹೂಡಿಕೆಯ ಬೆಲೆಯೂ ಏರುತ್ತದೆ, 90 ಇದ್ದದ್ದು 102. ಆಮೇಲೆ ಫೌಂಡ್ರಿ ಒಟ್ಟು 10 ಲಕ್ಷ ಡಿವಿಡೆಂಡ್ ಹಂಚಿತು, ನಮಗೆ 3 ಲಕ್ಷ ಬಂತು. ಇದು ಹೊಸ ಆದಾಯವಲ್ಲ. ಆಗಲೇ ನಮ್ಮದೆಂದು ಬರೆದುಕೊಂಡ 12ರಲ್ಲೇ ಒಂದು ಭಾಗ ನಗದಾಗಿ ಕೈಗೆ ಬಂದಿದೆ, ಅಷ್ಟೆ. ಹಾಗಾಗಿ ಬ್ಯಾಂಕು 3 ಏರುತ್ತದೆ, ಹೂಡಿಕೆ 3 ಇಳಿಯುತ್ತದೆ. ವರ್ಷದ ಕೊನೆಗೆ ಹೂಡಿಕೆ 99 ಲಕ್ಷ.

ಕನ್ನಡದಲ್ಲಿ ಡಿವಿಡೆಂಡಿಗೆ ಲಾಭಾಂಶ ಎನ್ನುತ್ತೇವೆ. 'ಲಾಭದ ಪಾಲು' ಎಂದರೂ ಕಿವಿಗೆ ಅದೇ ಅರ್ಥ. ಗೊಂದಲ ಪದದಲ್ಲೇ ಕೂತಿದೆ!

ಕಾರ್ಖಾನೆಯ ಸ್ವಂತ ದುಡಿಮೆಯ ಲಾಭ 20 ಲಕ್ಷ (ತೆರಿಗೆಯ ಗೋಜು ಇಲ್ಲಿ ಬಿಟ್ಟಿದ್ದೇನೆ). ಡಿವಿಡೆಂಡ್ ಸೇರಿ ಸ್ವಂತ ಲೆಕ್ಕದಲ್ಲಿ 23. ನಮ್ಮ ಹುಡುಗ ಆ 23ಕ್ಕೇ 12 ಕೂಡಿಸಿ ಕ್ರೋಡೀಕೃತ ಲಾಭ 35 ಎಂದು ಬರೆದ. ಮೊದಲು 3 ತೆಗೆದು ಆಮೇಲೆ 12 ಕೂಡಿಸಬೇಕಿತ್ತು. ಸರಿಯಾದ ಉತ್ತರ 32.

ಇದರ ಕಿಡಿಗೇಡಿತನ ಏನೆಂದರೆ, ಬ್ಯಾಲೆನ್ಸ್ ಶೀಟ್ ಆಗಲೂ ಸರಿಯಾಗಿ ತಾಳೆಯಾಗುತ್ತದೆ. ಲಾಭ 3 ಹೆಚ್ಚು, ಹೂಡಿಕೆಯೂ 3 ಹೆಚ್ಚು. ಎರಡು ಕಡೆ ಸಮವಾದರೆ ಲೆಕ್ಕ ಸರಿ ಎಂದು ನಂಬುವವರಿಗೆ (ಆ ದಿನ ನಾನೂ ಒಬ್ಬ) ಇದು ಸಿಗುವುದೇ ಇಲ್ಲ. ಹಿಡಿಯಬೇಕಾದರೆ ಫೌಂಡ್ರಿಯ ಕಡೆಯಿಂದ ಬರಬೇಕು. ನಾವು ಕೊಂಡಾಗ ಅವರ ನಿವ್ವಳ ಆಸ್ತಿ 250 ಲಕ್ಷ. ನಮ್ಮ 30 ಶೇಕಡ 75 ಆಗುತ್ತದೆ, ನಾವು ಕೊಟ್ಟದ್ದು 90. ಹೆಚ್ಚು ಕೊಟ್ಟ 15 ಗುಡ್‌ವಿಲ್, ಅದು ಹೂಡಿಕೆಯ ಮೊತ್ತದ ಒಳಗೇ ಇರುತ್ತದೆ. ವರ್ಷದ ಕೊನೆಗೆ ಅವರ ನಿವ್ವಳ ಆಸ್ತಿ 250ಕ್ಕೆ 40 ಕೂಡಿ 10 ಕಳೆದು 280. ಅದರ 30 ಶೇಕಡ 84, ಜೊತೆಗೆ 15, ಒಟ್ಟು 99. ನಮ್ಮ ಪುಸ್ತಕ 102 ಹೇಳುತ್ತಿದ್ದರೆ ಎಲ್ಲೋ ಡಿವಿಡೆಂಡ್ ಎರಡು ಸಲ ಎಣಿಕೆಯಾಗಿದೆ ಎಂದೇ ಅರ್ಥ.

ಮರುದಿನ ತಮ್ಮನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರಿಗೆ ಅರ್ಧ ಮಾತ್ರ ಸಮಾಧಾನ. "ಆತ್ರಿ, 15 ಅಲ್ಲ, 12. ಆದರ 3 ಬಂದದ, ಇನ್ನ 9 ಎಲ್ಲೈತಿ?"

ಇದು ಅವರೊಬ್ಬರ ಪ್ರಶ್ನೆಯಲ್ಲ. ಲೋಣಾವಳ ಲೋಕಲ್ಲಿನಲ್ಲಿ ಹೋಗುವಾಗ ಆಕುರ್ಡಿ ಸ್ಟೇಷನ್ ಸಿಗುತ್ತದಲ್ಲ, ಆ ಊರಿನಲ್ಲೇ ನೋಂದಾಯಿತ ಕಚೇರಿ ಇರುವ ಬಜಾಜ್ ಹೋಲ್ಡಿಂಗ್ಸ್ ಅಂಡ್ ಇನ್ವೆಸ್ಟ್‌ಮೆಂಟ್ ಕಂಪನಿಯ ಲೆಕ್ಕ ಓದಿದವರಿಗೂ ಇದೇ ಪ್ರಶ್ನೆ ಏಳುತ್ತದೆ. ಅದು ಸ್ಕೂಟರ್ ಮಾಡುವುದಿಲ್ಲ, ಸಾಲ ಕೊಡುವುದಿಲ್ಲ. ಬಜಾಜ್ ಆಟೋದಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಬಜಾಜ್ ಫಿನ್‌ಸರ್ವ್‌ನಲ್ಲಿ ಸುಮಾರು 39 ಶೇಕಡ ಪಾಲು ಹಿಡಿದು ಕೂತಿದೆ. ಎರಡೂ ಅದಕ್ಕೆ ಅಸೋಸಿಯೇಟ್‌ಗಳು.

ಫಿನ್‌ಸರ್ವ್ 2023-24ರಲ್ಲಿ ಗಳಿಸಿದ ಕ್ರೋಡೀಕೃತ ಲಾಭ 8,148 ಕೋಟಿ. ಆ ವರ್ಷಕ್ಕೆ ಕೊಟ್ಟ ಡಿವಿಡೆಂಡ್ ಷೇರಿಗೆ 1 ರೂಪಾಯಿ, ಒಟ್ಟು ಸುಮಾರು 160 ಕೋಟಿ. 39 ಶೇಕಡದಂತೆ ಹಾಕಿ ನೋಡಿ: ಲಾಭದ ಪಾಲು 3,100 ಕೋಟಿ ಮೀರುತ್ತದೆ, ಕೈಗೆ ಬರುವ ನಗದು ಸುಮಾರು 62 ಕೋಟಿ. ಬಜಾಜ್ ಆಟೋ ಆದರೆ ಅದೇ ವರ್ಷಕ್ಕೆ ಷೇರಿಗೆ 80 ರೂಪಾಯಿ ಕೊಟ್ಟಿತು. ಸಾಲ ಕೊಡುವ ವ್ಯವಹಾರ ಬೆಳೆಯಬೇಕಾದರೆ ಬಂಡವಾಳ ಬೇಕು, ಹಾಗಾಗಿ ಅಲ್ಲಿ ಲಾಭ ಒಳಗೇ ಉಳಿಯುತ್ತದೆ. ಬೈಕು ಮಾರುವವರ ಬಳಿ ನಗದು ಮಿಗುತ್ತದೆ. ಈಕ್ವಿಟಿ ಪದ್ಧತಿಯ ಒಂದು ಸಾಲಿನಲ್ಲಿ ಈ ಎರಡೂ ಬಗೆಯ ಲಾಭ ಒಂದೇ ರೂಪಾಯಿಯಂತೆ ಕಾಣುತ್ತವೆ. ವ್ಯತ್ಯಾಸ ಬೇಕಿದ್ದರೆ ಕ್ಯಾಶ್ ಫ್ಲೋ ಪುಟ ತೆಗೆಯಬೇಕು. ಅಲ್ಲಿ ಲಾಭದ ಪಾಲನ್ನು ಪೂರ್ತಿ ಕಳೆದು, ಬಂದ ಡಿವಿಡೆಂಡನ್ನು ಮಾತ್ರ ತೋರಿಸಿರುತ್ತಾರೆ. ನನಗೆ ಪರಿಚಯದ ನಿವೃತ್ತರೊಬ್ಬರು ಇಂಥ ಹೋಲ್ಡಿಂಗ್ ಕಂಪನಿಗಳ ಷೇರನ್ನು ಕ್ರೋಡೀಕೃತ ಲಾಭ ನೋಡಿ 'ಅಗ್ಗ' ಎಂದು ಕೊಂಡು, ಆಮೇಲೆ ಡಿವಿಡೆಂಡ್ ಸಾಲದೆಂದು ಗೊಣಗುತ್ತಾರೆ.

ಭೋಸರಿಗೆ ಬರೋಣ. ಆ 9 ಲಕ್ಷ ಫೌಂಡ್ರಿಯಲ್ಲೇ ಇದೆ, ಬಹುಶಃ ಹೊಸ ಕುಲುಮೆಯಾಗಿಯೋ ಗಿರಾಕಿಯ ಬಾಕಿಯಾಗಿಯೋ. ಡಿವಿಡೆಂಡ್ ಎಷ್ಟೆಂದು ಅಲ್ಲಿನ ಬೋರ್ಡು ತೀರ್ಮಾನಿಸಬೇಕು. 30 ಶೇಕಡ ಇದ್ದವರು ಕೇಳಬಹುದು, ಕಸಿಯಲಾರರು. ಭೋಸರಿ ಕಂಪನಿ ತನ್ನ ಷೇರುದಾರರಿಗೆ ಹಂಚುವಾಗಲೂ ನೋಡುವುದು ಸ್ವಂತ ಲೆಕ್ಕದ 23ನ್ನೇ ಹೊರತು 32ನ್ನಲ್ಲ. ಅಂದರೆ ಈ ವರ್ಷದ್ದನ್ನೆಲ್ಲ ಹಂಚಿದರೂ ತಮ್ಮನ ಪಾಲು 9.2 ಲಕ್ಷ. ಮೊದಲ ಕರಡಿನ 35 ನೋಡಿ ಅವರು ಮನಸ್ಸಿನಲ್ಲಿ ಕಟ್ಟಿಕೊಂಡದ್ದು 14 ಲಕ್ಷ.

ಗಣಪತಿ ಹಬ್ಬದಲ್ಲಿ ಅವರು ಪುಣೆಗೆ ಬಂದಿದ್ದರು. ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿ, ಹೂಡಿಕೆಯ ಒಂದೇ ಸಾಲನ್ನು ಕಾಗದದ ಮೇಲೆ ಬರೆದು ತೋರಿಸಿದೆ: 90, ಕೂಡು 12, ಕಳೆ 3, ಉಳಿದದ್ದು 99. ಅಣ್ಣ ಮಾತಾಡಲಿಲ್ಲ, ಚಹಾ ತರಿಸಿದರು. ಮಗಳ ಫೀಸಿಗೆ ಎಷ್ಟು ಕಡಿಮೆ ಬಿದ್ದಿದೆ ಎಂದು ತಮ್ಮನನ್ನು ಕೇಳಿದರು.

ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು. "ಫೌಂಡ್ರಿ ಲುಕ್ಸಾನ್ ಆದ್ರ ನಾವು ರೊಕ್ಕಾ ಕಟ್ಟಬೇಕೇನ್ರಿ?"

ಗ್ಯಾರಂಟಿ ಏನೂ ಬರೆದುಕೊಟ್ಟಿಲ್ಲವಾದರೆ ಇಲ್ಲ, ಎಂದೆ. ನಷ್ಟದ ಪಾಲೂ ಹೀಗೇ ಕಾಗದದ ಮೇಲೆ ಬರುತ್ತದೆ, ಈ 99 ಸೊನ್ನೆಗೆ ಇಳಿಯುವವರೆಗೆ. ಅಲ್ಲಿಂದಾಚೆ ಬರೆಯುವುದನ್ನು ನಿಲ್ಲಿಸುತ್ತೇವೆ.