ಬೇಲಿ ಲೆಕ್ಕದಲ್ಲಿ ಅಂಕ ಯಾವುದಕ್ಕೆ?

ಪಿಯುಸಿ ಎರಡನೇ ವರ್ಷದ ಗಣಿತದಲ್ಲಿ ಗರಿಷ್ಠ-ಕನಿಷ್ಠದ ಲೆಕ್ಕ ಬರುತ್ತದೆ. ಅದರ ಅಂಕ ಹಂಚಿಕೆಯ ಬಗ್ಗೆ ನಮಗೆ ತಕರಾರಿದೆ.

ನಮ್ಮ ತಾಲೂಕಿನ ಒಂದು ಕಾಲೇಜಿನ ಪರೀಕ್ಷೆಯಲ್ಲಿ 5 ಅಂಕಕ್ಕೆ ಹೀಗೆ ಕೇಳಿದ್ದರು: ಹೊಲದ ಒಂದು ಬದಿ ಕಾಲುವೆ, ಅಲ್ಲಿ ಬೇಲಿ ಬೇಡ. ಉಳಿದ ಮೂರು ಬದಿಗೆ 120 ಮೀಟರ್ ತಂತಿ ಇದೆ. ಅತಿ ಹೆಚ್ಚು ಜಾಗ ಸಿಗುವ ಆಯತ ಯಾವುದು?

ಒಬ್ಬ ಹುಡುಗಿ ಚಿತ್ರ ಬರೆದಳು. ಕಾಲುವೆಗೆ ಅಡ್ಡಲಾದ ಬದಿಗಳು x, ಕಾಲುವೆಯ ಎದುರಿನ ಬದಿ y ಎಂದಳು. ತಂತಿಯಿಂದ y = 120 − 2x, ಜಾಗ A = 120x − 2x². x ಸೊನ್ನೆಗೂ 60ಕ್ಕೂ ನಡುವೆ ಇರಬೇಕೆಂದೂ ಬರೆದಳು. ಆಮೇಲೆ ಅವಕಲನ ಮಾಡುವಾಗ 4x ಬದಲು 2x ಬರೆದುಬಿಟ್ಟಳು. x = 60 ಬಂತು. "ಹೀಗಾದರೆ y ಸೊನ್ನೆ, ಹೊಲವೇ ಉಳಿಯುವುದಿಲ್ಲ, ಎಲ್ಲೋ ತಪ್ಪಿದೆ" ಎಂದು ಬರೆಯುವಷ್ಟರಲ್ಲಿ ಸಮಯ ಮುಗಿಯಿತು. ಅವಳಿಗೆ ಸಿಕ್ಕಿದ್ದು 1 ಅಂಕ.

ಗೈಡಿನಲ್ಲಿದ್ದ ಇದೇ ಲೆಕ್ಕ ಬಾಯಿಪಾಠ ಮಾಡಿದ್ದ ಹುಡುಗ ಚಿತ್ರವಿಲ್ಲದೆ, x ಏನೆಂದು ಹೇಳದೆ, 120 − 4x = 0, x = 30, y = 60, ಜಾಗ 1800 ಚದರ ಮೀಟರ್ ಎಂದು ಬರೆದ. 5ಕ್ಕೆ 5. ಉತ್ತರವೇನೋ ಸರಿಯೇ. ಚೌಕ ಮಾಡಿದ್ದರೆ 40ಕ್ಕೆ 40, ಬರೀ 1600 ಸಿಗುತ್ತಿತ್ತು. ಹತ್ತಿರ ಹತ್ತಿರ 2 ಗುಂಟೆ ಲಾಭ.

ಆದರೆ ನಾವು ಆ ಹುಡುಗನನ್ನು ಕೇಳಿದೆವು: ಕಾಲುವೆ ಬದಿಯಲ್ಲಿ ನಿಮ್ಮ ಹೊಲ 50 ಮೀಟರ್ ಮಾತ್ರ ಇದ್ದರೆ? ಆಗಲೂ 30, 60 ಎಂದ. ಪಕ್ಕದವರ ಹೊಲಕ್ಕೆ 10 ಮೀಟರ್ ಬೇಲಿ ನುಗ್ಗಿಸಿದ!

ಈಗ y 50 ದಾಟುವಂತಿಲ್ಲ, ಅಂದರೆ x 35ಕ್ಕಿಂತ ಕಡಿಮೆ ಇರುವಂತಿಲ್ಲ. 30 ಆ ವ್ಯಾಪ್ತಿಯ ಹೊರಗಿದೆ. x 30 ದಾಟಿದ ಮೇಲೆ ಜಾಗ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ವ್ಯಾಪ್ತಿಯ ಅಂಚಾದ 35ರಲ್ಲೇ ಗರಿಷ್ಠ: 35 × 50 = 1750. ಅಲ್ಲಿ ಅವಕಲನ ಸೊನ್ನೆ ಆಗುವುದೇ ಇಲ್ಲ. ಸೊನ್ನೆಗೆ ಸಮ ಮಾಡುವುದನ್ನಷ್ಟೇ ಕಲಿತವನಿಗೆ ಈ ಉತ್ತರ ಎಂದೂ ಸಿಗದು. x ಎಲ್ಲಿಂದ ಎಲ್ಲಿಗೆ ಎಂದು ಬರೆದಿಟ್ಟ ಹುಡುಗಿಗೆ ಸಿಗುತ್ತದೆ.

ಚಿತ್ರಕ್ಕೆಲ್ಲ ಅಂಕ ಕೊಟ್ಟರೆ ಮೌಲ್ಯಮಾಪನ ಒಬ್ಬೊಬ್ಬರದು ಒಂದೊಂದು ಥರ ಆಗುತ್ತದೆ ಎನ್ನುತ್ತಾರೆ ಮೇಷ್ಟ್ರುಗಳು. ನಾವು ಒಪ್ಪುವುದಿಲ್ಲ. ಚಿತ್ರ ಬರೆದು x, y ಏನೆಂದು ಹೇಳಿದ್ದಕ್ಕೆ 1. ಜಾಗವನ್ನು x ಒಂದರಲ್ಲೇ ಬರೆದಿದ್ದಕ್ಕೆ 1. x ವ್ಯಾಪ್ತಿಗೆ 1. ಅವಕಲನಕ್ಕೆ 1. ಬಂದದ್ದು ಗರಿಷ್ಠವೇ, ಹೊಲಕ್ಕೆ ಹೊಂದುತ್ತದೆಯೇ ಎಂದು ನೋಡಿದ್ದಕ್ಕೆ 1. ಇದೆ ಅಥವಾ ಇಲ್ಲ, ಅಷ್ಟೇ. ಇದರಲ್ಲಿ ಜಗಳಕ್ಕೆ ಜಾಗವೆಲ್ಲಿ?

ಹೀಗೆ ಕೊಟ್ಟಿದ್ದರೆ ಆ ಹುಡುಗಿಗೆ 3 ಬರುತ್ತಿತ್ತು, ತನ್ನ ತಪ್ಪು ತಾನೇ ಹಿಡಿದಿದ್ದಕ್ಕೆ 4 ಕೊಟ್ಟರೂ ನ್ಯಾಯವೇ. ನಿಮ್ಮ ಮನೆಯ ಮಗುವಿನ ಉತ್ತರಪತ್ರಿಕೆ ಕೈಗೆ ಬಂದಾಗ ನೋಡಿ: ಕೆಂಪು ಶಾಯಿಯ ಅಂಕ ಯಾವ ಸಾಲಿನ ಪಕ್ಕದಲ್ಲಿದೆ?